ಹೊಗೆಯನ್ನು ನಯಗೊಳಿಸುವ ಮೆಂಥಾಲನ್ನು ಸಿಗರೇಟಿನಿಂದ ನಿಷೇಧಿಸಬೇಕೇ?

ಪರ

ಹೊಗೆ ಮೊದಲ ಸಲ ಗಂಟಲಿಗಿಳಿದಾಗ ಬರುವ ಕೆಮ್ಮು ದೇಹದ ರಕ್ಷಣೆ. ಸಿಗರೇಟು ಸೇದಿ ನೋಡಿದವರಲ್ಲಿ ಕೆಲವರು ಚಟ ಹತ್ತುವ ಮೊದಲೇ ಅದರಿಂದ ದೂರ ಸರಿಯುವುದಕ್ಕೆ ಈ ಉರಿ, ಈ ಕೆಮ್ಮು ಕಾರಣ. ಮೆಂಥಾಲ್ ಅಡ್ಡಬರುವುದು ಇಲ್ಲಿಯೇ. ತಣ್ಣನೆಯ ಗಾಳಿ ತಾಗಿದಾಗ ಎಚ್ಚರಗೊಳ್ಳುವ ಟಿಆರ್‌ಪಿಎಂ8 ಎಂಬ ಗ್ರಾಹಕ, ಅಂದರೆ ಸಂವೇದನೆಯನ್ನು ಹಿಡಿಯುವ ಪ್ರೋಟೀನು, ನಮ್ಮ ನರಗಳ ತುದಿಯಲ್ಲಿದೆ; ಹೊಗೆ ಬಿಸಿಯಾಗಿದ್ದರೂ ಮೆಂಥಾಲ್ ಆ ಗ್ರಾಹಕವನ್ನು ಕೆರಳಿಸಿ ತಂಪಿನ ಭಾವನೆಯನ್ನು ಹುಟ್ಟಿಸುತ್ತದೆ, ಉರಿಯ ಸಂದೇಶವನ್ನು ಮಂಕಾಗಿಸುತ್ತದೆ. ಶ್ವಾಸನಾಳಕ್ಕೆ ಆಗುತ್ತಿರುವ ಹಾನಿ ಹಾಗೆಯೇ ಇರುತ್ತದೆ, ಅದನ್ನು ತಿಳಿಸುವ ನೋವು ಮಾತ್ರ ಕಡಿಮೆಯಾಗುತ್ತದೆ. ಹೊಸಬನೊಬ್ಬ ಹೊಗೆಯನ್ನು ಬಾಯಲ್ಲೇ ತಡೆಯದೆ ಎದೆಗೆ ಎಳೆದುಕೊಳ್ಳಲು ಕಲಿಯುವುದು ಇದರಿಂದ ಸುಲಭವಾಗುತ್ತದೆ, ನಿಕೋಟಿನ್ ರಕ್ತಕ್ಕೆ ಬೇಗ ಸೇರುವುದೂ ಅಲ್ಲಿಂದಲೇ.

ಪುದೀನದ ವಾಸನೆ ಮೂಗಿಗೆ ತಿಳಿಯುವ ಸಿಗರೇಟುಗಳಿಗಷ್ಟೇ ಈ ಮಾತು ಅನ್ವಯಿಸುವುದಿಲ್ಲ. ಮೆಂಥಾಲ್ ಎಂದು ಹೆಸರಿಸದ ಎಷ್ಟೋ ಸಿಗರೇಟುಗಳಲ್ಲಿಯೂ ರುಚಿಗೆ ಸಿಗದಷ್ಟು ಅಲ್ಪ ಪ್ರಮಾಣದಲ್ಲಿ ಅದನ್ನು ಬೆರೆಸಿರುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ರುಚಿಗಾಗಿ ಅಲ್ಲವೆಂದಮೇಲೆ ಅದು ಅಲ್ಲಿರುವುದೇಕೆ ಎಂಬ ಪ್ರಶ್ನೆಗೆ ತಯಾರಕರು ಉತ್ತರ ಕೊಡಬೇಕು. ಆದ್ದರಿಂದ ಕಾನೂನು ವಾಸನೆಯನ್ನು ಹಿಡಿದು ಹೋಗದೆ, ಪದಾರ್ಥವು ಉಸಿರಿನ ಹಾದಿಯಲ್ಲಿ ಮಾಡುವ ಕೆಲಸವನ್ನು ಹಿಡಿದು ಹೋಗಬೇಕು. ಐರೋಪ್ಯ ಒಕ್ಕೂಟದ 2014ರ ತಂಬಾಕು ನಿರ್ದೇಶನದಲ್ಲಿ ಎರಡೂ ಇವೆ: ಎದ್ದು ಕಾಣುವ ರುಚಿಗಳಿಗೆ ನಿಷೇಧವಿದೆ (ಮೆಂಥಾಲಿಗೆ ಇದು 2020ರ ಮೇ 20ರಿಂದ ಅನ್ವಯವಾಯಿತು), ಜೊತೆಗೆ ಹೊಗೆಯನ್ನು ಒಳಗೆಳೆಯುವುದನ್ನು ಸುಲಭಗೊಳಿಸುವ ಸೇರ್ಪಡೆಗಳಿಗೂ ತಡೆಯಿದೆ. ನನ್ನ ದೃಷ್ಟಿಯಲ್ಲಿ ಈ ಎರಡನೆಯದೇ ಹೆಚ್ಚು ಬೆಲೆಯುಳ್ಳದ್ದು.

ಫಲವೂ ಕಂಡಿದೆ. ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯ 2015ರಲ್ಲಿ ಮೆಂಥಾಲ್ ಸಿಗರೇಟನ್ನು ನಿಷೇಧಿಸಿತು, 2017ರಲ್ಲಿ ನಿಷೇಧ ದೇಶವ್ಯಾಪಿಯಾಯಿತು. ಆ ಬಳಿಕ ನಡೆದ ಅಧ್ಯಯನಗಳಲ್ಲಿ, ಮೆಂಥಾಲ್ ಸೇದುತ್ತಿದ್ದವರು ಉಳಿದ ಧೂಮಪಾನಿಗಳಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಚಟ ಬಿಟ್ಟಿದ್ದು ದಾಖಲಾಗಿದೆ. ಬೆಲೆಯನ್ನೇರಿಸದೆ, ಯಾರನ್ನೂ ದಂಡಿಸದೆ, ಒಂದು ಪದಾರ್ಥವನ್ನು ತೆಗೆದುಹಾಕಿದ್ದರಿಂದಲೇ ಆದ ಬದಲಾವಣೆ ಇದು.

ವಿರೋಧ

ಮೆಂಥಾಲ್ ನಿರಪಾಯವೆಂದು ನಾನು ವಾದಿಸುತ್ತಿಲ್ಲ. ನಿಷೇಧವು ತಾನು ಹೇಳಿಕೊಂಡ ಕೆಲಸವನ್ನು ಮಾಡಲಾರದು ಎಂಬುದು ನನ್ನ ಆಕ್ಷೇಪ.

ಹೊಗೆಯ ನಯಕ್ಕೆ ಹೊರಗಿನ ಪದಾರ್ಥ ಬೇಕೇ ಬೇಕು ಎಂದೇನಿಲ್ಲ. ಬಿಸಿಗಾಳಿಯಲ್ಲಿ ಹದಗೊಳಿಸಿದ ವರ್ಜೀನಿಯಾ ತಂಬಾಕಿನ ಎಲೆಯಲ್ಲಿ ಸಕ್ಕರೆ ಸಹಜವಾಗಿಯೇ ಹೇರಳವಾಗಿರುತ್ತದೆ. ಅದು ಉರಿದಾಗ ಹುಟ್ಟುವ ಆಮ್ಲಗಳು ಹೊಗೆಯ ಕ್ಷಾರೀಯತೆಯನ್ನು ತಗ್ಗಿಸುತ್ತವೆ, ಗಂಟಲನ್ನು ಕೆರೆಯುವ ಮುಕ್ತ ರೂಪದ ನಿಕೋಟಿನ್ ಕಡಿಮೆಯಾಗುತ್ತದೆ. ನೆರಳಿನಲ್ಲಿ ಆರಿಸುವ ಬರ್ಲಿ ತಂಬಾಕಿನಲ್ಲಿ ಸಕ್ಕರೆ ಬಹುಪಾಲು ಕಳೆದುಹೋಗುವುದರಿಂದ ತಯಾರಕರು ಅದನ್ನು ಹೊರಗಿನಿಂದ ಸೇರಿಸುತ್ತಾರೆ. ಸೇರಿಸಿದ ಸಕ್ಕರೆಯನ್ನು ನಿಷೇಧಿಸಿ ಎಲೆಯ ಸಕ್ಕರೆಯನ್ನು ಬಿಟ್ಟರೆ ಮಾರುಕಟ್ಟೆ ವರ್ಜೀನಿಯಾದ ಕಡೆಗೆ ವಾಲುತ್ತದೆಯೇ ಹೊರತು ಹೊಗೆ ಒರಟಾಗುವುದಿಲ್ಲ. ಪರವಾದಿಗಳು ಮೆಚ್ಚುವ ಕೆನಡಾದಲ್ಲಿಯೇ ನೋಡಿ: ಅಲ್ಲಿನ ಸಿಗರೇಟುಗಳು ಬಹುಕಾಲದಿಂದ ಹೆಚ್ಚಾಗಿ ವರ್ಜೀನಿಯಾದವು, ಸೇರ್ಪಡೆಗಳು ತೀರಾ ಕಡಿಮೆ. ಆದರೂ ಜನ ಅವನ್ನು ಎದೆತುಂಬ ಎಳೆದುಕೊಂಡೇ ಚಟಕ್ಕೆ ಬಿದ್ದರು.

ಮೆಂಥಾಲಿನ ಜಾಗ ಖಾಲಿಯಾಗಿಯೂ ಉಳಿಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2022ರ ಡಿಸೆಂಬರಿನಲ್ಲಿ ರುಚಿ ಬೆರೆಸಿದ ತಂಬಾಕಿನ ಮಾರಾಟ ನಿಷೇಧ ಜಾರಿಗೆ ಬಂದಾಗ, ವಾಸನೆಯೇ ಇಲ್ಲದೆ ತಂಪು ಕೊಡುವ ಡಬ್ಲ್ಯೂಎಸ್-3 ಎಂಬ ಕೃತಕ ಪದಾರ್ಥವುಳ್ಳ ಸಿಗರೇಟುಗಳು 'ಮೆಂಥಾಲ್ ಇಲ್ಲದ್ದು' ಎಂಬ ಹಣೆಪಟ್ಟಿಯೊಂದಿಗೆ ಅಂಗಡಿಗೆ ಬಂದವು. ತಂಪಿನ ಅನುಭವವನ್ನೂ ವ್ಯಾಖ್ಯೆಯೊಳಗೆ ತರಲು ಆ ರಾಜ್ಯ 2024ರಲ್ಲಿ ಕಾನೂನನ್ನು ತಿದ್ದಬೇಕಾಯಿತು. ಯುರೋಪಿನಲ್ಲಿ ಪೊಟ್ಟಣದೊಳಗೆ ತೂರಿಸುವ ಮೆಂಥಾಲ್ ಕಾರ್ಡುಗಳು ಬೇರೆಯಾಗಿ ಮಾರಾಟವಾದವು. ಪದಾರ್ಥದ ಕೆಲಸವನ್ನು ನೋಡಿ ನಿಷೇಧಿಸಿ ಎನ್ನುವುದು ಸುಲಭ. ಆದರೆ ಒಂದು ಅಣು ಹೊಗೆಯನ್ನು ಎಷ್ಟರಮಟ್ಟಿಗೆ ಸುಲಭಗೊಳಿಸಿತು ಎಂಬುದನ್ನು ನ್ಯಾಯಾಲಯದಲ್ಲಿ ನಿಲ್ಲುವಂತೆ ಅಳೆಯುವುದು ಸುಲಭವಲ್ಲ: ಮೆಂಥಾಲ್ ಸೇದುವವರು ನಿಜವಾಗಿ ಹೆಚ್ಚು ಹೊಗೆಯನ್ನು ಎಳೆಯುತ್ತಾರೆಯೇ ಎಂಬುದರ ಮಾಪನಗಳೇ ಒಂದಕ್ಕೊಂದು ತಾಳೆಯಾಗುವುದಿಲ್ಲ.

ಕೆನಡಾದ ಅಧ್ಯಯನಗಳ ಇನ್ನೊಂದು ಭಾಗವನ್ನೂ ಓದಬೇಕು. ಚಟ ಬಿಟ್ಟವರಿಗಿಂತ ಸಾದಾ ಸಿಗರೇಟಿಗೆ ಹೊರಳಿದವರೇ ಹೆಚ್ಚು, ಇನ್ನು ಕೆಲವರು ನಿಷೇಧ ಅನ್ವಯಿಸದ ಕಡೆಯಿಂದ ಮೆಂಥಾಲನ್ನೇ ತಂದುಕೊಂಡರು. ಸಾದಾ ಸಿಗರೇಟಿನಲ್ಲಿ ಕ್ಯಾನ್ಸರಿನ ಅಪಾಯ ಕಡಿಮೆಯೇನಲ್ಲ. ಅಣುಗಳನ್ನು ಒಂದೊಂದಾಗಿ ಅಟ್ಟುವ ಬದಲು ಎಲೆಯಲ್ಲಿರುವ ನಿಕೋಟಿನ್ನನ್ನೇ ಚಟ ಹತ್ತದ ಮಟ್ಟಕ್ಕೆ ಇಳಿಸುವ ಮಿತಿಯನ್ನು ಹೇರಿದರೆ, ಹೊಗೆ ಎಷ್ಟೇ ನಯವಾಗಿದ್ದರೂ ಅದನ್ನು ಮತ್ತೆ ಮತ್ತೆ ಎಳೆಯಬೇಕೆಂಬ ಒತ್ತಾಯ ಕುಗ್ಗುತ್ತದೆ, ಆ ಮಿತಿಯನ್ನು ಪ್ರಯೋಗಾಲಯದಲ್ಲಿ ಒಂದೇ ಅಂಕಿಯಿಂದ ಪರಿಶೀಲಿಸಲೂಬಹುದು.