ನಾನು ಬರೆಯದ ಮೇಲ್‌ಗೆ ನನ್ನ ಹೆಸರು ಹಾಕಿದ್ದು ಯಾಕೆ?

ಮನೆಗೆ ಬಂದು ಎರಡು ಗಂಟೆ ಆಯ್ತು. ಊಟ ಸೇರಲಿಲ್ಲ. ಆ ಅಮ್ಮನ ಬಟ್ಟೆ ಚೀಲವೇ ಕಣ್ಣ ಮುಂದೆ ನಿಂತಿದೆ. ಚೀಲದಲ್ಲಿ ಕುಕ್ಕರಿನ ಮುಚ್ಚಳ. ಹುಣಸೂರಿನಿಂದ ಬಸ್ಸಿನಲ್ಲಿ ಮೈಸೂರಿನವರೆಗೆ ಒಂದು ಮುಚ್ಚಳ ಹೊತ್ತುಕೊಂಡು ಬಂದಿದ್ದಾರೆ. ಯಾಕೆ ಅಂದರೆ ಕುಕ್ಕರಿನ ಬಿಡಿಭಾಗ ಮಾರುವ ನಮ್ಮ ಅಂಗಡಿಯಿಂದ ನಾವು ಗಿರಾಕಿಗಳಿಗೆ ಒಂದು ಮೇಲ್ ಕಳಿಸಿದ್ದೇವೆ.

ನಾವಲ್ಲ. ನಮ್ಮ ಯಜಮಾನರು ಕಳಿಸಿದ್ದು. ಆದರೆ ಕೆಳಗೆ ಇರುವುದು ನನ್ನ ಹೆಸರು.

ಮೇಲ್‌ನ ತಲೆಬರಹ ‘ಹೊಸ ರೂಪ, ಹೊಸ ಹುರುಪು!’ ಒಳಗೆ, ನಮ್ಮ ಹೊಚ್ಚ ಹೊಸ ವೆಬ್‌ಸೈಟ್ ಲೋಕಾರ್ಪಣೆಯಾಗಿದೆ ಎಂದು ತಿಳಿಸಲು ಹರ್ಷಿಸುತ್ತೇವೆ, ಆಕರ್ಷಕ ವಿನ್ಯಾಸ, ಮೊದಲಿಗಿಂತ ವೇಗ. ನಡುವೆ ಅಂಗೈ ಅಗಲದ ಕೆಂಪು ಬಟನ್: ‘ಇಲ್ಲಿ ಒತ್ತಿ ನಿಮ್ಮ ಖಾತೆಯನ್ನು ಸಕ್ರಿಯಗೊಳಿಸಿ’. ಅಷ್ಟೇ. ಹಳೆಯ ಪಾಸ್‌ವರ್ಡ್ ನಡೆಯುತ್ತಾ ಇಲ್ವಾ, ಒಂದು ಮಾತಿಲ್ಲ. ಹಳೆಯ ಆರ್ಡರ್‌ಗಳು ಎಲ್ಲಿ ಹೋದವು, ಅದೂ ಇಲ್ಲ. ವೆಬ್‌ಸೈಟಿನ ವಿಳಾಸವೇ ಬದಲಾಗಿದೆ, ಅದನ್ನೂ ಹೇಳಿಲ್ಲ. ನಮ್ಮ ಅಂಗಡಿಯಿಂದ ಬರುತ್ತಿದ್ದ ಹಳೆಯ ಮೇಲ್ ವಿಳಾಸ ಬಿಟ್ಟು, ಯಾರೂ ಕಂಡಿಲ್ಲದ ಹೊಸ ವಿಳಾಸದಿಂದ ಕಳಿಸಿದ್ದಾರೆ. ಅದೂ `noreply@` ಅಂತ ಶುರುವಾಗುವುದು. ಯಾರಾದರೂ ಉತ್ತರ ಬರೆದರೆ ಅದನ್ನು ಓದೋಕೆ ಅಲ್ಲಿ ಯಾರೂ ಇಲ್ಲ.

ಮಧ್ಯಾಹ್ನ ಹನ್ನೆರಡೂವರೆ. ಕೌಂಟರಿನ ಮುಂದೆ ಏಳೆಂಟು ಜನ. ಆ ಅಮ್ಮ ಫೋನ್ ನನ್ನ ಮುಖದ ಹತ್ತಿರ ಹಿಡಿದರು. ‘ಇದು ನೀವೇ ಕಳಿಸಿದ್ದಲ್ವೇನಮ್ಮಾ? ಮಗ ಇದನ್ನ ಒತ್ತಬೇಡ ಅಂತ ಬೈದ. ದುಡ್ಡು ಹೋಗುತ್ತೆ ಅಂದ. ಹಳೇ ಕಡೆ ಹೋದರೆ ಅಲ್ಲೂ ಒಳಗೆ ಬಿಡ್ತಿಲ್ಲ. ನನಗೆ ಬೇಕಿರೋದು ಆವತ್ತು ತರಿಸಿದ್ದ ಗ್ಯಾಸ್ಕೆಟ್ಟೇ. ಅದೇ.’

ನಾನು ಬಾಯಿ ತೆಗೆಯುವುದಕ್ಕೆ ಮೊದಲೇ ಹಿಂದಿನ ಕುರ್ಚಿಯಿಂದ ಯಜಮಾನರ ಧ್ವನಿ ಬಂತು. ‘ಮೇಲ್ ಎಲ್ಲ ಈ ಹುಡುಗಿದೇ. ಇವಳನ್ನೇ ಕೇಳಿ, ಏನು ಬರೆದಿದ್ದಾಳೋ.’

ಹುಡುಗಿ! ನನಗೆ 38 ವರ್ಷ. ಈ ಅಂಗಡಿಯಲ್ಲಿ 11 ವರ್ಷ ಆಯ್ತು. ಅಲ್ಲಿದ್ದ ಎಲ್ಲರೂ ನನ್ನನ್ನು ನೋಡಿದರು. ಒಬ್ಬರು ತಮ್ಮ ಫೋನ್ ತೆಗೆದು, ‘ಓ, ನಂಗೂ ಬಂದಿತ್ತು ಇದು, ಫ್ರಾಡ್ ಅಂತ ಡಿಲೀಟ್ ಮಾಡಿದೆ’ ಅಂದರು. ನಾನು ಆ ಅಮ್ಮನ ಫೋನ್ ತಗೊಂಡು ನೋಡ್ತಾ ನಿಂತೆ. ಕೆಂಪು ಬಟನ್ ಕೆಳಗೆ ನನ್ನ ಹೆಸರು, ನನ್ನ ಇನಿಶಿಯಲ್ ಸಮೇತ. ಇದು ನಾನು ಬರೆದಿದ್ದಲ್ಲ ಅನ್ನೋ ಒಂದು ಮಾತು ಬಾಯಿಂದ ಬರಲಿಲ್ಲ. ಯಾಕೆ ಬರಲಿಲ್ಲ? ಇಲ್ಲಿ ಕೂತು ಅದನ್ನೇ ಯೋಚನೆ ಮಾಡ್ತಿದ್ದೇನೆ. ಕಿವಿ ಇನ್ನೂ ಬಿಸಿ ಇದೆ.

ಹೋಗಲಿ ಬಿಡು ಅಂತ ಅಕ್ಕ ಹೇಳಿದಳು. ಹೋಗಲಿ ಅಂತಲೇ ನಾನೂ ಅಂದುಕೊಂಡೆ. ಸಂಬಳ ಕೊಡೋರು ಅವರು. ಆದರೆ ಹೋಗ್ತಿಲ್ಲ.

ನಾನು ಬರೆದುಕೊಟ್ಟಿದ್ದ ಮೇಲ್ ನನ್ನ ಹತ್ತಿರ ಇನ್ನೂ ಇದೆ. ಅದರ ತಲೆಬರಹ: ‘ಸೋಮವಾರದಿಂದ ವೆಬ್‌ಸೈಟ್ ಬದಲು: ಹಳೆಯ ಪಾಸ್‌ವರ್ಡ್ ನಡೆಯುವುದಿಲ್ಲ’. ಯಜಮಾನರು ಓದಿ, ‘ಇದೇನು ಸಾವಿನ ಸುದ್ದಿ ತರ ಇದೆ’ ಅಂದರು. ಆದರೆ ನಮ್ಮ ಹಳೆಯ ಗಿರಾಕಿಗೆ ಬೇಕಾದ ಸುದ್ದಿ ಅದೇ ಅಲ್ವಾ? ಅವರು ಹೊಸಬರಲ್ಲ. ಅವರಿಗೆ ಅಂಗಡಿ ಗೊತ್ತು. ಬಣ್ಣ ನೋಡೋಕೆ ಅವರು ಬರಲ್ಲ. ನನ್ನದು ಅಂತ ಅಲ್ಲಿ ಏನಿತ್ತೋ ಅದು ಇದೆಯಾ, ನಾನೇನು ಮಾಡಬೇಕು, ಯಾವಾಗಿನಿಂದ, ಇಷ್ಟೇ ಅವರ ಪ್ರಶ್ನೆ.

ಪಾಸ್‌ವರ್ಡ್ ಯಾಕೆ ನಡೆಯಲ್ಲ ಅನ್ನೋದನ್ನೂ ಒಂದೇ ಸಾಲಿನಲ್ಲಿ ಬರೆದಿದ್ದೆ. ಸರಿಯಾಗಿ ಮಾಡಿದ ಸೈಟುಗಳಲ್ಲಿ ಪಾಸ್‌ವರ್ಡನ್ನು ಹಾಗೇ ಬರೆದಿಟ್ಟುಕೊಳ್ಳುವುದಿಲ್ಲ, ಇಟ್ಟುಕೊಳ್ಳಲೂ ಬಾರದು. ಅದನ್ನು ತಿರುಚಿ ಗುರುತು ಸಿಗದ ಹಾಗೆ ಮಾಡಿ ಇಟ್ಟಿರುತ್ತಾರೆ. ಅದರಿಂದ ಮೂಲ ಪಾಸ್‌ವರ್ಡ್ ವಾಪಸ್ ತೆಗೆಯೋಕೆ ಬರಲ್ಲ. ಹೊಸ ಸೈಟಿಗೂ ಅದೇ ತಿರುಚುವ ಲೆಕ್ಕ ಗೊತ್ತಿದ್ದರೆ ಮಾತ್ರ ಹಳೆಯದು ನಡೆಯುತ್ತೆ. ನಾವು ಹೋಗಿರುವ ಕಡೆ ಅದಕ್ಕೆ ಅವಕಾಶ ಇಲ್ಲ. ಹಾಗಾಗಿ ಎಲ್ಲರೂ ಹೊಸದು ಮಾಡಿಕೊಳ್ಳಲೇಬೇಕು. ಅದರಲ್ಲಿ ಯಾರ ತಪ್ಪೂ ಇಲ್ಲ. ಹೇಳದೇ ಇದ್ದದ್ದು ತಪ್ಪು.

ಮತ್ತೆ ಆ ಬಟನ್. ಬೇಡ ಅಂತ ಮೂರು ಸಲ ಹೇಳಿದೆ. ಗೊತ್ತಿಲ್ಲದ ಲಿಂಕ್ ಒತ್ತಬೇಡಿ ಅಂತ ಬ್ಯಾಂಕುಗಳು ಪದೇ ಪದೇ ಮೆಸೇಜ್ ಕಳಿಸುತ್ತವೆ. ಗೊತ್ತಿಲ್ಲದ ವಿಳಾಸದಿಂದ ಬಂದು, ಖಾತೆ ಸಕ್ರಿಯಗೊಳಿಸಿ ಅಂತ ಬಟನ್ ತೋರಿಸುವುದು ಕಳ್ಳರ ಮೇಲ್. ನಮ್ಮ ಮೇಲ್ ಪಕ್ಕಾ ಹಾಗೇ ಇತ್ತು. ಆ ಅಮ್ಮನ ಮಗ ಸರಿಯಾಗಿಯೇ ಬೈದಿದ್ದಾನೆ. ನಾನಾಗಿದ್ದರೂ ಒತ್ತುತ್ತಿರಲಿಲ್ಲ.

ನನ್ನದರಲ್ಲಿ ಪಾಸ್‌ವರ್ಡಿಗೆ ಲಿಂಕೇ ಇರಲಿಲ್ಲ. ‘ಬ್ರೌಸರಿನಲ್ಲಿ ನಮ್ಮ ವಿಳಾಸ ನೀವೇ ಟೈಪ್ ಮಾಡಿ. ಪಾಸ್‌ವರ್ಡ್ ಮರೆತಿದ್ದೇನೆ ಎಂಬುದನ್ನು ಒತ್ತಿ. ಆಗ ಬರುವ ಮೇಲ್ ಮಾತ್ರ ನಮ್ಮದು. ನಾವು ಒಟಿಪಿ ಕೇಳುವುದಿಲ್ಲ, ಕಾರ್ಡ್ ನಂಬರ್ ಕೇಳುವುದಿಲ್ಲ. ಅನುಮಾನ ಇದ್ದರೆ ನಿಮ್ಮ ಹಳೆಯ ಬಿಲ್ಲಿನ ಮೇಲಿರುವ ನಂಬರಿಗೆ ಫೋನ್ ಮಾಡಿ.’ ಮೇಲ್‌ನಲ್ಲಿ ಫೋನ್ ನಂಬರ್ ಕೊಟ್ಟರೆ ಅದನ್ನೂ ಯಾಕೆ ನಂಬಬೇಕು? ಬಿಲ್ ಅವರ ಮನೆಯಲ್ಲೇ ಇರುತ್ತೆ. ಅದಕ್ಕೇ ಬಿಲ್ ಅಂತ ಬರೆದಿದ್ದೆ. ಮೇಲ್ ಹೋಗುವುದಕ್ಕೆ ಎರಡು ವಾರ ಮೊದಲೇ ಹಳೆಯ ಸೈಟಿನ ನೆತ್ತಿಯ ಮೇಲೆ ಇದೇ ಸುದ್ದಿ ಹಾಕಿ ಅಂತಲೂ ಕೇಳಿಕೊಂಡಿದ್ದೆ. ಎರಡು ಕಡೆ ಒಂದೇ ಮಾತು ಕಂಡರೆ ಜನ ನಂಬುತ್ತಾರೆ. ಹಾಕಲಿಲ್ಲ.

ಇನ್ನು ಆರು ಸಾವಿರ ಜನಕ್ಕೂ ಒಂದೇ ಏಟಿಗೆ ಕಳಿಸಿದ್ದು! ನಮ್ಮ ಪಟ್ಟಿಯಲ್ಲಿ ಬಹುತೇಕ ಎಲ್ಲರದ್ದೂ ಜೀಮೇಲ್. ದಿನಕ್ಕೆ ಐದು ಸಾವಿರದ ಆಸುಪಾಸು ಅಥವಾ ಅದಕ್ಕೂ ಹೆಚ್ಚು ಜೀಮೇಲ್‌ಗೆ ಕಳಿಸುವವರಿಗೆ 2024ರ ಫೆಬ್ರವರಿಯಿಂದ ಕಟ್ಟುನಿಟ್ಟು ಇದೆ. ಮೇಲ್ ನಿಜಕ್ಕೂ ನಮ್ಮ ವಿಳಾಸದ್ದೇ ಅನ್ನೋದಕ್ಕೆ ಪುರಾವೆಯ ದಾಖಲೆಗಳನ್ನು ಸೇರಿಸಿರಬೇಕು. ಸ್ಪ್ಯಾಮ್ ಅಂತ ದೂರು ಒತ್ತುವವರು ಸಾವಿರಕ್ಕೆ ಮೂರು ಜನ ಮುಟ್ಟಬಾರದು. ಆರು ಸಾವಿರಕ್ಕೆ ಲೆಕ್ಕ ಹಾಕಿ, 18 ಜನ. ಕೌಂಟರ್ ಮುಂದೆ ನಿಂತಿದ್ದ ಏಳೆಂಟು ಜನರಲ್ಲೇ ಒಬ್ಬರು ಫ್ರಾಡ್ ಅಂದರಲ್ಲ! ಹೀಗೇ ಮುಂದುವರಿದರೆ ನಾಳೆ ನಾವು ಕಳಿಸುವ ಬಿಲ್ಲು, ಪಾರ್ಸೆಲ್ ಸುದ್ದಿ ಕೂಡ ಸ್ಪ್ಯಾಮಿಗೆ ಬೀಳಬಹುದು. ಮೊದಲು ಇನ್ನೂರು ಜನಕ್ಕೆ ಕಳಿಸಿ, ಎರಡು ದಿನ ಫೋನ್ ಕಾಯೋಣ, ಎಲ್ಲಿ ಕೆಟ್ಟಿದೆ ಗೊತ್ತಾಗುತ್ತೆ ಅಂದಿದ್ದೆ. ಕಾಯೋಕೆ ಯಾರಿಗೂ ಪುರುಸೊತ್ತಿರಲಿಲ್ಲ.

ನಿಜವಾಗಿ ಹೊಟ್ಟೆ ಉರಿಯುವುದು ಹಳೆಯ ಲಿಂಕುಗಳ ಪಟ್ಟಿಯ ವಿಷಯದಲ್ಲಿ. ಹಳೆಯ ಸೈಟಿನಲ್ಲಿ 640 ಸಾಮಾನು. ಪ್ರತಿಯೊಂದಕ್ಕೂ ಒಂದು ಲಿಂಕ್. ಜನ ಅದನ್ನು ವಾಟ್ಸಾಪಿನಲ್ಲಿ ಕಳಿಸಿಕೊಂಡಿದ್ದಾರೆ, ಉಳಿಸಿಟ್ಟುಕೊಂಡಿದ್ದಾರೆ. ಹಳೆಯ ಲಿಂಕ್ ಒತ್ತಿದರೆ ಹೊಸ ಸೈಟಿನ ಅದೇ ಸಾಮಾನಿಗೆ ಹೋಗಬೇಕು. ಅದಕ್ಕೆ ಎರಡು ಕಾಲಮ್ಮಿನ ಪಟ್ಟಿ ಸಾಕು, ಎಡಕ್ಕೆ ಹಳೆಯದು, ಬಲಕ್ಕೆ ಹೊಸದು:

```
/spares/1187   /shop/cooker-gasket-5l-outer
/spares/1188   /shop/cooker-gasket-5l-inner
```

ಹನ್ನೊಂದು ರಾತ್ರಿ ಕೂತು 640 ಸಾಲನ್ನೂ ಮಾಡಿದೆ. ಯಂತ್ರದ ಕೈಗೆ ಕೊಡೋಕೆ ಆಗಲ್ಲ, ಯಾಕೆಂದರೆ ಹೆಸರುಗಳು ಎರಡೂ ಕಡೆ ಬೇರೆ ಬೇರೆ. ಮುಚ್ಚಳ ಹೊರಗಡೆ ಕೂರುವ ಕುಕ್ಕರಿನ ಗ್ಯಾಸ್ಕೆಟ್ ಬೇರೆ, ಒಳಗೆ ಕೂರುವುದರದ್ದು ಬೇರೆ. ಎರಡೂ ಐದು ಲೀಟರೇ. ಅದಲುಬದಲಾದರೆ ಕುಕ್ಕರ್ ಕೂಗೋದೇ ಇಲ್ಲ, ಬದಿಯಿಂದ ಉಗಿ ಹೋಗ್ತಾ ಇರುತ್ತೆ. ಒಂದೊಂದನ್ನೂ ಕಪಾಟಿನಿಂದ ತೆಗೆದು, ನೋಡಿ, ಬರೆದೆ.

ಆ ಫೈಲನ್ನು ಯಾರೂ ಸೈಟಿಗೆ ಏರಿಸಲೇ ಇಲ್ಲ. ಇವತ್ತು ಸಂಜೆ ನೋಡಿದೆ. ಹಳೆಯ ಲಿಂಕ್ ಯಾವುದನ್ನು ಒತ್ತಿದರೂ ಹೊಸ ಮುಖಪುಟಕ್ಕೆ ಹೋಗಿ ನಿಲ್ಲುತ್ತೆ. ಗ್ಯಾಸ್ಕೆಟ್ ಕೇಳಿದವರಿಗೆ ಮಿಕ್ಸಿಯ ಚಿತ್ರ. ಸೈಟ್ ಮಾಡಿಕೊಟ್ಟವರಿಗೆ ಫೋನ್ ಮಾಡಿದರೆ, ‘ಲಿಂಕ್ ವರ್ಕ್ ಆಗ್ತಿದೆಯಲ್ಲ ಮೇಡಂ, ಎರರ್ ಬರ್ತಿಲ್ಲ’ ಅಂದರು. ಎರರ್ ಬಂದಿದ್ದರೇ ಚೆನ್ನಾಗಿತ್ತು. ಇಲ್ಲ ಅನ್ನೋದಾದರೂ ಜನಕ್ಕೆ ಗೊತ್ತಾಗುತ್ತಿತ್ತು.

ಆ ಅಮ್ಮನಿಗೂ ಬೇಕಿದ್ದದ್ದು ಅಷ್ಟೇ, ಹೋದ ಸಲದ ಆರ್ಡರಿನ ಒಂದು ಸಾಲು. ಮುಚ್ಚಳದ ಮೇಲಿನ ಕಂಪನಿ ಹೆಸರು ಉಜ್ಜಿ ಉಜ್ಜಿ ಅಳಿಸಿ ಹೋಗಿದೆ. ಹಳೆಯ ಗ್ಯಾಸ್ಕೆಟ್ ತಂದಿದ್ದರು, ಅದು ಎಳೆದು ಸಡಿಲವಾಗಿದೆ, ಅಳತೆಗೆ ನಂಬೋಕಾಗಲ್ಲ. ಮುಚ್ಚಳಕ್ಕೆ ಮೂರು ಹೊಸದು ಕೂರಿಸಿ ನೋಡಿದೆ. ಒಂದು ಕೂರುತ್ತೆ ಅನ್ನಿಸಿತು, ಅಂಚಲ್ಲಿ ಎದ್ದಿತು. ಪಾತ್ರೆ ಅವರ ಮನೆಯಲ್ಲಿದೆ, ಮುಚ್ಚಿ ನೋಡೋಕೂ ಇಲ್ಲ. ಹಳೆಯ ಆರ್ಡರ್‌ಗಳನ್ನು ಹೊಸ ಸೈಟಿಗೆ ತಂದಿಲ್ಲ, ಹೆಸರು ಮತ್ತು ಮೇಲ್ ವಿಳಾಸ ಮಾತ್ರ ತಂದಿದ್ದಾರೆ. ಹಳೆಯ ಸೈಟನ್ನು ಮೂರು ತಿಂಗಳು ಪಕ್ಕದಲ್ಲಿ ಇಡಿ, ಕೊಳ್ಳೋಕೆ ಬೇಡ, ನೋಡೋಕಾದರೂ ಇರಲಿ ಅಂದಿದ್ದೆ. ಅದನ್ನೂ ಹೊಸದು ಶುರುವಾದ ರಾತ್ರಿಯೇ ಮುಚ್ಚಿದ್ದಾರೆ. ಮುಕ್ಕಾಲು ಗಂಟೆ ಸ್ಟೂಲಿನ ಮೇಲೆ ಕೂತಿದ್ದು, ‘ಆಯ್ತು ಬಿಡಮ್ಮ, ಬಸ್ಸಿಗೆ ಹೊತ್ತಾಯ್ತು’ ಅಂತ ಮುಚ್ಚಳವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು. ಬೈಯಲಿಲ್ಲ. ಬೈದಿದ್ದರೆ ನನಗೆ ಇಷ್ಟು ಆಗ್ತಿರಲಿಲ್ಲ.

ಯಾರಾದರೂ ಉತ್ತರ ಕೊಡಿ. ಆ `noreply@` ಪೆಟ್ಟಿಗೆಯನ್ನು ಯಾರಾದರೂ ತೆರೆದು ನೋಡಿದ್ದೀರಾ? ಅಲ್ಲಿ ಎಷ್ಟು ಜನ ಬರೆದಿದ್ದಾರೋ. ನನ್ನ ಹೆಸರಿಗೆ ಬರೆದಿದ್ದಾರೆ. ಅವರಿಗೆಲ್ಲ ಯಾರು ಉತ್ತರ ಕೊಡೋದು? ಎರಡನೇ ಮೇಲ್ ಒಂದು ಹೋಗಬೇಕು, ಹಳೆಯ ವಿಳಾಸದಿಂದ, ಐದು ಸಾಲು ಸಾಕು. ಮೊದಲಿನ ಮೇಲ್ ನಮ್ಮದೇ, ಹೆದರಬೇಡಿ, ಹೀಗೆ ಮಾಡಿ ಅಂತ. ಕೇಳಿದರೆ ‘ಎರಡೆರಡು ಸಲ ಕಳಿಸಿದರೆ ಜನ ಬೈತಾರೆ’ ಅಂತಾರೆ. ಏನೂ ಆಗಲ್ಲ, ಗೊತ್ತು ನನಗೆ. ನಾಳೆ ಹೋಗಿ ಸುಮ್ನೆ ಕೌಂಟರಿನಲ್ಲಿ ನಿಲ್ತೇನೆ.

ಇಲ್ಲ. ನಾಳೆ ಹೋದ ತಕ್ಷಣ ಆ ಹೆಸರು ತೆಗೆಸುತ್ತೇನೆ. ಎರಡನೇ ಮೇಲ್ ಹೋಗುವುದಾದರೆ ಮಾತ್ರ ನನ್ನ ಹೆಸರು ಹಾಕಲಿ, ಅದನ್ನು ನಾನೇ ಬರೆಯುತ್ತೇನೆ.

ಅಂಗಡಿ ಬಾಗಿಲು ಹಾಕಿದ ಮೇಲೆ ಮಹಡಿಯಲ್ಲಿ ಕೂತು ಕೊರಿಯರಿನ ರಸೀದಿ ಕಟ್ಟುಗಳನ್ನು ಬಿಚ್ಚಿ ಹುಡುಕಿದೆ. ಆ ಅಮ್ಮನದು ಸಿಕ್ಕಿತು. ರಸೀದಿಯ ಹಿಂದೆ ನನ್ನದೇ ಪೆನ್ಸಿಲಿನ ಅಕ್ಷರದಲ್ಲಿ 1188 ಅಂತ ಇದೆ. ಒಳಗೆ ಕೂರುವುದು. ನಾನು ಮಧ್ಯಾಹ್ನ ಕೂರಿಸಿ ನೋಡಿದ ಮೂರೂ ಹೊರಗೆ ಕೂರುವ ಜಾತಿಯವು. ಬೆಳಗ್ಗೆ ಒಂಬತ್ತಕ್ಕೆ ಕೊರಿಯರ್ ತೆರೆಯುತ್ತೆ. ಎರಡು ಹಾಕುತ್ತೇನೆ.