ಒಂದು ಲೀಟರ್ ತುಪ್ಪ ಒಂದು ಕೆಜಿ ಅಲ್ಲ

ಆನ್‌ಲೈನಿನಲ್ಲಿ ತುಪ್ಪ ಮಾರುವವರು ಸುಲಭವಾಗಿ ಮಾಡಿಬಿಡುವ ತಪ್ಪೊಂದಿದೆ. ಲೀಟರ್ ಜಾರ್‌ನ ಫೋಟೊ ಹಾಕಿ, ಕೆಳಗೆ "1 ಕೆಜಿ" ಅಂತ ಬರೆಯುವುದು. ತುಪ್ಪ ನೀರಿಗಿಂತ ಹಗುರ. ಒಂದು ಲೀಟರ್ ತೂಗಿದರೆ ಸುಮಾರು 910 ಗ್ರಾಂ ಬರುತ್ತದೆ. ಬಿಸಿಯಿರುವಾಗಲೇ ಲೀಟರ್ ಗೆರೆಯವರೆಗೆ ತುಂಬಿದ್ದರೆ, ಆರಿದ ಮೇಲೆ ಮಟ್ಟ ಇಳಿಯುತ್ತದೆ. ತೂಕ ಅದಕ್ಕಿಂತಲೂ ಕಡಿಮೆ ಇರುತ್ತದೆ.

ಬೆಲೆ 800 ರೂಪಾಯಿ, ತಪ್ಪು ಗೊತ್ತಾಗುವಷ್ಟರಲ್ಲಿ 23 ಆರ್ಡರ್ ಬಂದಿವೆ ಅಂತ ಇಟ್ಟುಕೊಳ್ಳಿ. ಆಗ ಸದ್ದಿಲ್ಲದೆ "ಕೆಜಿ" ಅಳಿಸಿ "ಲೀಟರ್" ಮಾಡಿಬಿಡೋಣ ಅನ್ನಿಸುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಗಿರಾಕಿಗೆ ಹೋದ ಆರ್ಡರ್ ಸಂದೇಶದಲ್ಲಿ "1 ಕೆಜಿ" ಹಾಗೇ ಉಳಿದಿರುತ್ತದೆ. ಅವರು ದುಡ್ಡು ಕೊಟ್ಟದ್ದೂ ಅದಕ್ಕೇ.

ಮೊದಲು ಸ್ಟಾಕ್ ಸೊನ್ನೆ ಮಾಡಿ, ಹೊಸ ಆರ್ಡರ್ ನಿಲ್ಲಲಿ. ಲಿಸ್ಟಿಂಗ್ ಡಿಲೀಟ್ ಮಾಡಬೇಡಿ. ಏನು ಬರೆದಿತ್ತು ಅನ್ನುವುದಕ್ಕೆ ನಿಮ್ಮ ಬಳಿಯೂ ದಾಖಲೆ ಇರಬೇಕು. ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಆಮೇಲೆ ಮುಚ್ಚಳ ಸಮೇತ ಖಾಲಿ ಜಾರ್ ತೂಗಿ, ತುಂಬಿ ಆರಿದ ಐದು ಜಾರ್ ತೂಗಿ, ಖಾಲಿ ತೂಕ ಕಳೆಯಿರಿ. ಐದರಲ್ಲಿ ಅತಿ ಕಡಿಮೆ ಬಂದದ್ದನ್ನೇ ಲೆಕ್ಕಕ್ಕೆ ಹಿಡಿಯಿರಿ, ಸರಾಸರಿಯನ್ನಲ್ಲ. ಸರಾಸರಿ ಹಿಡಿದರೆ ಕೆಲವರಿಗೆ ಮತ್ತೆ ಕಡಿಮೆ ಹೋಗುತ್ತದೆ.

ಅದು 910 ಗ್ರಾಂ ಬಂದರೆ ಕೊರತೆ 90 ಗ್ರಾಂ, ಅಂದರೆ 72 ರೂಪಾಯಿ. ಈಗ ಆರ್ಡರ್‌ಗಳನ್ನು ಎರಡು ಪಾಲು ಮಾಡಿ. ಇನ್ನೂ ಕಳಿಸದ 14ಕ್ಕೆ, ತೂಗಿ ತುಂಬಿದ 90 ಗ್ರಾಂನ ಸಣ್ಣ ಬಾಟಲಿ ಜೊತೆಗಿಡಿ. ಬೇಡ ಅಂದವರಿಗೆ 72 ರೂಪಾಯಿ ವಾಪಸ್, ಆರ್ಡರೇ ಬೇಡ ಅಂದವರಿಗೆ ಪೂರ್ತಿ ಹಣ. ಈಗಾಗಲೇ ಹೊರಟ 9ಕ್ಕೆ ದೂರು ಬರಲಿ ಅಂತ ಕಾಯದೆ 72 ರೂಪಾಯಿ ಹಾಕಿಬಿಡಿ. ಒಟ್ಟು 23ಕ್ಕೂ ಸೇರಿ 1,656 ರೂಪಾಯಿ. ವಾಪಸ್ ಬಂದ ತೆರೆದ ಜಾರ್ ಮತ್ತೆ ಮಾರಲಾಗದು, ಆ ನಷ್ಟದ ಮುಂದೆ ಇದು ಸಣ್ಣದು. ಜಾಹೀರಾತಿನಲ್ಲಿ ಹೇಳಿದಂತಿಲ್ಲದ ಸರಕನ್ನು ವಾಪಸ್ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ ಅಂತ 2020ರ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳೂ ಹೇಳುತ್ತವೆ.

ಸಂದೇಶ ಚಿಕ್ಕದಾಗಿರಲಿ: "ನಮಸ್ಕಾರ, ನಮ್ಮ ಪುಟದಲ್ಲಿ 1 ಕೆಜಿ ಅಂತ ತಪ್ಪಾಗಿ ಹಾಕಿದ್ದೆವು. ಜಾರ್‌ನಲ್ಲಿ ಇರುವುದು 1 ಲೀಟರ್, ಅಂದರೆ 910 ಗ್ರಾಂ. ಕಡಿಮೆಯಾದ 90 ಗ್ರಾಂನ 72 ರೂಪಾಯಿ ಇಂದು ನಿಮ್ಮ ಖಾತೆಗೆ ಹಾಕಿದ್ದೇವೆ." "ತಾಂತ್ರಿಕ ದೋಷ" ಅನ್ನಬೇಡಿ. ಬರೆದದ್ದು ನೀವೇ.

ಇಷ್ಟಾದ ಮೇಲೆ ಲಿಸ್ಟಿಂಗ್ ತಿದ್ದಿ: "1 ಲೀಟರ್ (910 ಗ್ರಾಂ)". ಶೀರ್ಷಿಕೆ, ವಿವರಣೆ, ಅಳತೆಯ ಆಯ್ಕೆ, ವಾಟ್ಸ್ಆ್ಯಪ್ ಕ್ಯಾಟಲಾಗ್ ಎಲ್ಲವನ್ನೂ ನೋಡಿ. ತಪ್ಪು ಹೆಚ್ಚಾಗಿ ಉಳಿದುಕೊಳ್ಳುವುದು ಫೋಟೊ ಮೇಲೆ ಅಚ್ಚಾದ ಅಕ್ಷರದಲ್ಲಿ, ಯಾಕೆಂದರೆ ಪುಟದಲ್ಲಿ "ಕೆಜಿ" ಅಂತ ಹುಡುಕಿದರೆ ಅದು ಸಿಗುವುದಿಲ್ಲ. ಪ್ರತಿ ಫೋಟೊವನ್ನೂ ತೆರೆದು ಕಣ್ಣಾರೆ ಓದಿ, ಆಮೇಲೆ ಸ್ಟಾಕ್ ತೆರೆಯಿರಿ.