ಬೆಳೆಗಾರರ ಆ್ಯಪ್‌ಗೆ ಪಿನ್ನಿಂಗ್, ರೂಟ್ ಪತ್ತೆ ಬೇಕಾ?

ಪರ: ಆ್ಯಪ್ ಬರೆದವನ ಮಾತು

ಮಡಿಕೇರಿಯ ಯಾವುದೋ ಹೋಮ್‌ಸ್ಟೇ ವೈಫೈಯಲ್ಲಿ ಕೂತು ಸಂಘದ ಆ್ಯಪ್ ತೆರೆದರೂ ಎಚ್‌ಟಿಟಿಪಿಎಸ್ ಕಾಯುತ್ತದೆ, ನಿಜ. ಆದರೆ ಈ ಸೈಟು ಅಸಲಿ ಅಂತ ಸರ್ಟಿಫಿಕೇಟ್ ಕೊಡುವ ಸಂಸ್ಥೆಯೇ ಕೆಟ್ಟರೆ? 2011ರಲ್ಲಿ ಡಿಜಿನೋಟಾರ್ ಎಂಬ ಡಚ್ ಸಂಸ್ಥೆಗೆ ನುಗ್ಗಿದವರು ಗೂಗಲ್ ಹೆಸರಿನಲ್ಲೇ ಸರ್ಟಿಫಿಕೇಟ್ ಮಾಡಿಕೊಂಡರು. ಇರಾನಿನ ಜನರ ಮೇಲೆ ಅದನ್ನು ಬಳಸಿದರು. ಕ್ರೋಮ್ ಮಾತ್ರ ಅದನ್ನು ಒಪ್ಪಲಿಲ್ಲ, ಯಾಕಂದ್ರೆ ಗೂಗಲ್ ಸೈಟುಗಳಿಗೆ ಯಾವ ಕೀಲಿ ಬರಬೇಕು ಅಂತ ಅದರೊಳಗೇ ಬರೆದಿತ್ತು. ಪಿನ್ನಿಂಗ್ ಅಂದ್ರೆ ಇದೇ. ನಮ್ಮ ಸರ್ವರಿನ ಕೀಲಿಯ ಗುರುತನ್ನು ಆ್ಯಪ್‌ನಲ್ಲೇ ಇಡುವುದು.

ರೂಟ್ ಮಾಡುವುದು ಅಂದ್ರೆ ಫೋನಿನ ಕಟ್ಟುಪಾಡು ತೆಗೆದು ಅದರ ಪೂರ್ತಿ ಹಿಡಿತ ಪಡೆಯುವುದು. ಅಂಥ ಫೋನಿನಲ್ಲಿ, ರೂಟ್ ಅನುಮತಿ ಸಿಕ್ಕ ಇನ್ನೊಂದು ಆ್ಯಪ್ ನಮ್ಮ ಲಾಗಿನ್ ಟೋಕನ್ನನ್ನೂ ಓದಬಲ್ಲದು. ಬೆಳೆಗಾರರ ಹಣದ ವಿಷಯ ಅಲ್ವಾ, ತಡೆಯುವುದೇ ಸರಿ.

ವಿರೋಧ: ಫೋನ್ ಎತ್ತಿದವನ ಮಾತು

ಜುಲೈ, ಜಡಿಮಳೆ. ಬೆಳಿಗ್ಗೆ ಭಾಗಮಂಡಲದ ಕಡೆಯಿಂದ ಒಬ್ಬ ಹಿರಿಯರ ಫೋನ್. "ನೆಟ್ ಇಲ್ಲ ಅಂತದಲ್ಲಪ್ಪ ನಿಮ್ಮ ಆ್ಯಪ್ಪು? ಕ್ರೋಮಲ್ಲಿ ನಿಮ್ಮ ಸೈಟೇ ತೆರೀತಾ ಇದೆ!"

ಅವರು ಗೊತ್ತಿಲ್ಲದೇ ರೋಗ ಹೇಳಿಬಿಟ್ಟಿದ್ದರು. ಅದೇ ಫೋನಿನ ಬ್ರೌಸರ್‌ನಲ್ಲಿ ಸೈಟು ತೆರೆದು, ಆ್ಯಪ್ ಮಾತ್ರ ನಿಂತರೆ ಮೊದಲು ಪಿನ್ ನೋಡಬೇಕು. ಲಾಗ್‌ನಲ್ಲಿ ಇತ್ತು:

```
Certificate pinning failure!
```

ರಾತ್ರಿ ಸರ್ಟಿಫಿಕೇಟ್ ತಾನಾಗಿ ನವೀಕರಣವಾಗಿತ್ತು. ಹೇಳದೇ ಇದ್ದರೆ ಈ ನವೀಕರಣ ಮಾಡುವ `certbot` ಪ್ರತಿ ಸಲವೂ ಹೊಸ ಕೀಲಿ ಮಾಡುತ್ತದೆ. ಹಳೇ ಕೀಲಿ ಉಳಿಯಬೇಕಾದರೆ `--reuse-key` ಕೊಡಬೇಕಿತ್ತು. ನಾವು ಕೊಟ್ಟಿರಲಿಲ್ಲ. ಆ್ಯಪ್‌ನಲ್ಲಿದ್ದ ಪಿನ್ ಒಂದೇ, ಅದೂ ಹಳೇ ಕೀಲಿಯದ್ದು. ಸರ್ವರಿಗೆ ಹಳೇ ಕೀಲಿ ವಾಪಸ್ ಹಾಕೋಣ ಅಂದ್ರೆ, ಅದಕ್ಕೂ ಬ್ಯಾಕಪ್ ಹುಡುಕುವ ಪಾಡು. ಹೊಸ ಆ್ಯಪ್ ಬಿಟ್ಟರೂ ಕರೆಂಟೇ ಇಲ್ಲದ ಊರಲ್ಲಿ ಅಪ್‌ಡೇಟ್ ಇಳಿಯುವುದು ಯಾವಾಗ?

ಪಿನ್ ಇಡಲೇಬೇಕು ಅಂದ್ರೆ ಇನ್ನೊಂದು ಕೀಲಿಯನ್ನು ಮೊದಲೇ ಮಾಡಿ, ಸರ್ವರಿನ ಹೊರಗೆ ಜೋಪಾನವಾಗಿಟ್ಟು, ಅದರ ಗುರುತನ್ನೂ ಆ್ಯಪ್‌ಗೆ ಹಾಕಿ. ಆಂಡ್ರಾಯ್ಡಿನ `pin-set`ಗೆ `expiration` ದಿನಾಂಕ ಕೊಡಿ. ಆ ದಿನ ದಾಟಿದ ಮೇಲೆ ಪಿನ್ ನೋಡುವುದೇ ನಿಲ್ಲುತ್ತದೆ. ಕಾವಲು ಸಡಿಲವಾಗುತ್ತದೆ, ಆದರೆ ಬಾಗಿಲು ಜಾಮ್ ಆಗಲ್ಲ. ಗೂಗಲ್ಲೇ ಈಗ ಆಂಡ್ರಾಯ್ಡ್ ಆ್ಯಪ್‌ಗಳಿಗೆ ಪಿನ್ನಿಂಗ್ ಬೇಡ ಅನ್ನುತ್ತದೆ. ಆಂಡ್ರಾಯ್ಡ್ 7ರಿಂದ, ಬಳಕೆದಾರ ತಾನೇ ಸೇರಿಸಿದ ಸರ್ಟಿಫಿಕೇಟುಗಳನ್ನು ಆ್ಯಪ್‌ಗಳು ಸುಮ್ನೆ ನಂಬುವುದೂ ಇಲ್ಲ.

ರೂಟ್ ಪತ್ತೆಯ ಕಥೆ ಇನ್ನೂ ತಮಾಷೆ. ಅದು ಹುಡುಕುವುದು `su` ಫೈಲಿನಂಥ ಗುರುತುಗಳನ್ನು. ಬಲ್ಲವನು, ಓಡುತ್ತಿರುವ ಆ್ಯಪ್‌ನೊಳಗೆ ಕೈ ಹಾಕುವ `Frida` ಹಚ್ಚಿ, "ಇಲ್ಲ" ಅಂತಲೇ ಉತ್ತರ ಬರುವ ಹಾಗೆ ಮಾಡುತ್ತಾನೆ. ಸಿಕ್ಕಿಬಿದ್ದವರು ಯಾರು? ಕಂಪನಿ ಅಪ್‌ಡೇಟ್ ನಿಲ್ಲಿಸಿದ ಫೋನಿಗೆ ಮಗನಿಂದ `LineageOS` ಎಂಬ ಬೇರೆ ಆಂಡ್ರಾಯ್ಡ್ ಹಾಕಿಸಿಕೊಂಡ ಬೆಳೆಗಾರರು. ಆ ಮಗ ಜೊತೆಗೆ ರೂಟ್ ಕೂಡ ಮಾಡಿದ್ದ, ಅಷ್ಟೇ.

ಇತ್ತ ಮದುವೆ ಕರೆಯೋಲೆ ಅಂತ ವಾಟ್ಸಾಪ್‌ನಲ್ಲಿ ಬರುವ ಕಳ್ಳ ಎಪಿಕೆಗೆ ರೂಟ್ ಬೇಕಾಗಿಯೇ ಇಲ್ಲ. ಎಸ್‌ಎಂಎಸ್ ಅನುಮತಿ ಸಿಕ್ಕರೆ ಒಟಿಪಿ ಅದರ ಕೈಯಲ್ಲಿ. ಅದಕ್ಕೇ ನಾನು ಕೇಳುವುದಿಷ್ಟು: ರೂಟ್ ಕಂಡರೆ ಎಚ್ಚರಿಕೆ ತೋರಿಸಿ ಬಿಡಿ. ಬ್ಯಾಂಕ್ ಖಾತೆ ಬದಲಿಸುವ ಕೋರಿಕೆ ಬಂದರೆ ಸರ್ವರ್ ಅದನ್ನು 1 ದಿನ ಹಿಡಿದಿಡಲಿ, ಕಚೇರಿಯಿಂದ ಬೆಳೆಗಾರರಿಗೆ ಫೋನ್ ಹೋಗಲಿ. ಫೋನ್ ಮಾಡುವ ಕೆಲಸ ಬೇಕಾದರೆ ನನಗೇ ಕೊಡಿ.